ಬಳ್ಳಾರಿ ಬಿಸಿಲಲ್ಲಿ ಫ್ಲಾಸ್ಕ್, ಬ್ಯುರೆಟ್ ಅಳತೆ ಸರಿಯಿದೆಯೇ? ನೀರು ತೂಗಿ ನೋಡಿ

ಏಪ್ರಿಲ್ ತಿಂಗಳ ಬಳ್ಳಾರಿ. ಲ್ಯಾಬ್ ಒಳಗೆ 32 ಡಿಗ್ರಿ. 100 ಮಿ.ಲೀ. ವಾಲ್ಯುಮೆಟ್ರಿಕ್ ಫ್ಲಾಸ್ಕ್‌ಗೆ ಗೀಟಿನವರೆಗೆ ಡಿಸ್ಟಿಲ್ಡ್ ವಾಟರ್ ತುಂಬಿ ತೂಗಿದರೆ ನೀರಿನ ತೂಕ 99.33 ಗ್ರಾಂ ಬರುತ್ತದೆ. ಒಂದು ಮಿ.ಲೀ. ನೀರು ಅಂದರೆ ಒಂದು ಗ್ರಾಂ ಅಂತ ಶಾಲೆಯಲ್ಲಿ ಓದಿದ್ದೇವೆ, ಅಲ್ವಾ? ಆ ಲೆಕ್ಕ ಹಿಡಿದರೆ ಈ ಫ್ಲಾಸ್ಕ್ 0.67 ಮಿ.ಲೀ. ಕಡಿಮೆ ಹಿಡಿಯುತ್ತಿದೆ. ‘ಎ’ ಕ್ಲಾಸ್ ಫ್ಲಾಸ್ಕ್‌ಗೆ ಇರುವ ರಿಯಾಯಿತಿ ಬರೀ 0.10 ಮಿ.ಲೀ. ಹಾಗಾದರೆ ಇದನ್ನು ಎಸೆಯಬೇಕೇ?

ಬೇಡ. ಫ್ಲಾಸ್ಕ್ ಚೆನ್ನಾಗಿಯೇ ಇದೆ. ಲೆಕ್ಕ ಪೂರ್ತಿ ಆಗಿಲ್ಲ, ಅಷ್ಟೆ.

ಸಂಡೂರು ಕಡೆಯ ಕಬ್ಬಿಣದ ಅದಿರಿನಲ್ಲಿ ಕಬ್ಬಿಣ ಎಷ್ಟಿದೆ ಅಂತ ಡೈಕ್ರೋಮೇಟ್ ಟೈಟ್ರೇಷನ್‌ನಲ್ಲಿ ಹೇಳುವವರಿಗೆ ಫ್ಲಾಸ್ಕ್, ಬ್ಯುರೆಟ್ ಎರಡೂ ತಕ್ಕಡಿ ಇದ್ದ ಹಾಗೆ. ದ್ರಾವಣ ತಯಾರಾಗುವುದು ಒಂದರಲ್ಲಿ, ಅಳೆಯುವುದು ಇನ್ನೊಂದರಲ್ಲಿ. ಇವೆರಡನ್ನೂ ನಮ್ಮ ಸೆಕೆಯಲ್ಲೇ, ನಮ್ಮ ಲ್ಯಾಬ್‌ನಲ್ಲೇ ಪರೀಕ್ಷೆ ಮಾಡುವ ಕ್ರಮ ಇಲ್ಲಿದೆ.

ತೂಕ ಯಾಕೆ ಕಡಿಮೆ ಬರುತ್ತದೆ

ಮುಖ್ಯ ಕಾರಣ ನೀರು. ಬಿಸಿಯಾದಂತೆ ನೀರು ಹಿಗ್ಗುತ್ತದೆ. 20 ಡಿಗ್ರಿಯಲ್ಲಿ ಒಂದು ಮಿ.ಲೀ. ನೀರು 0.99821 ಗ್ರಾಂ ಇದ್ದರೆ 32 ಡಿಗ್ರಿಯಲ್ಲಿ 0.99503 ಗ್ರಾಂ. ಅಂದರೆ 100 ಮಿ.ಲೀ.ಗೆ ಅರ್ಧ ಗ್ರಾಂ ಹತ್ತಿರ ಇಲ್ಲೇ ಹೋಯಿತು.

ಎರಡನೆಯದು ಗಾಳಿ. ಬಾವಿಯ ನೀರೊಳಗೆ ಕೊಡ ಹಗುರ ಅನ್ನಿಸುವಂತೆ, ಗಾಳಿಯೊಳಗೆ ನೀರೂ ತುಸು ಹಗುರವಾಗಿ ತೂಗುತ್ತದೆ. ಬಳ್ಳಾರಿಯ ಬೇಸಿಗೆ ಗಾಳಿಗೆ ಮಿ.ಲೀ.ಗೆ ಸುಮಾರು 0.0011 ಗ್ರಾಂ ಸಾಂದ್ರತೆ ಅಂತ ಹಿಡಿಯಬಹುದು. ಇದರಿಂದ 100 ಮಿ.ಲೀ.ಗೆ ಹತ್ತಿರ ಹತ್ತಿರ 0.1 ಗ್ರಾಂ ಕಡಿಮೆಯಾಗುತ್ತದೆ. ರಿಯಾಯಿತಿ ಇರುವುದೇ ಅಷ್ಟು. ಹಾಗಾಗಿ ಇದನ್ನು ಬಿಡುವ ಹಾಗಿಲ್ಲ.

ಮೂರನೆಯದು ಗಾಜು. ಎಲ್ಲರೂ ಮೊದಲು ಅನುಮಾನ ಪಡುವುದು ಇದರ ಮೇಲೆ. ಆದರೆ ಬೋರೋಸಿಲಿಕೇಟ್ ಗಾಜಿನ 100 ಮಿ.ಲೀ. ಫ್ಲಾಸ್ಕ್ 20ರಿಂದ 32 ಡಿಗ್ರಿಗೆ ಹೋದರೆ ಹಿಗ್ಗುವುದು 0.012 ಮಿ.ಲೀ. ಮಾತ್ರ. ಫ್ಲಾಸ್ಕ್ ಮೇಲೆ 20 ಡಿಗ್ರಿ ಅಂತ ಇದೆಯೋ 27 ಡಿಗ್ರಿ ಅಂತ ಇದೆಯೋ ನೋಡಿಕೊಳ್ಳಿ. ನಮ್ಮ ದೇಶದಲ್ಲಿ ಎರಡೂ ಸಿಗುತ್ತವೆ. ಬೋರೋಸಿಲಿಕೇಟ್ ಗಾಜಾದರೆ ಈ ವ್ಯತ್ಯಾಸದಿಂದ ಆಗುವುದು 0.007 ಮಿ.ಲೀ. ಅಷ್ಟೆ.

ಮೂರನ್ನೂ ಸೇರಿಸಿ ಒಂದೇ ಗುಣಕ ಮಾಡಿಕೊಂಡರೆ ಕೆಲಸ ಸಲೀಸು. ಅದಕ್ಕೆ Z ಅನ್ನುತ್ತಾರೆ:

```
V = m × Z
Z = (1 − ρa/8.0) ÷ (ρw − ρa) × [1 − 0.0000099 × (t − 20)]
```

m ಅಂದರೆ ಬ್ಯಾಲೆನ್ಸ್ ತೋರಿಸಿದ ನೀರಿನ ತೂಕ. ρw ನೀರಿನ ಸಾಂದ್ರತೆ, ρa ಗಾಳಿಯ ಸಾಂದ್ರತೆ, t ನೀರಿನ ಉಷ್ಣತೆ. 8.0 ಅನ್ನುವುದು ಬ್ಯಾಲೆನ್ಸ್ ಹೊಂದಿಸಲು ಬಳಸುವ ಸ್ಟೀಲ್ ತೂಕದ ಸಾಂದ್ರತೆ. ನಮ್ಮ ಗಾಳಿಗೆ ಲೆಕ್ಕ ಹಾಕಿದರೆ Z ಹೀಗೆ ಬರುತ್ತದೆ: 28 ಡಿಗ್ರಿಗೆ 1.00467, 30ಕ್ಕೆ 1.00524, 32ಕ್ಕೆ 1.00585, 34ಕ್ಕೆ 1.00650. ನಡುವಿನ ಉಷ್ಣತೆಗೆ ಅದೇ ಪ್ರಮಾಣದಲ್ಲಿ ಹಂಚಿಕೊಂಡರೆ ಸಾಕು.

ಹಿಂದಿನ ದಿನವೇ ಶುರು

ಈ ಕೆಲಸ ಕೆಡುವುದು ಹೆಚ್ಚಾಗಿ ತಯಾರಿಯಲ್ಲಿ. ವರಾಂಡದಲ್ಲಿಟ್ಟ ಕ್ಯಾನ್ ನೀರನ್ನು ಎ.ಸಿ. ಇರುವ ಬ್ಯಾಲೆನ್ಸ್ ರೂಮಿಗೆ ತಂದು ಸೀದಾ ತೂಗಿದರೆ ಏನೂ ಉಪಯೋಗವಿಲ್ಲ. ಬಿಸಿ ಫ್ಲಾಸ್ಕ್ ತನ್ನ ಸುತ್ತಲಿನ ಗಾಳಿಯನ್ನು ಮೇಲಕ್ಕೆ ಎಬ್ಬಿಸುತ್ತದೆ. ತೂಕ ಕಡಿಮೆ ತೋರಿಸುತ್ತಾ, ನಿಧಾನಕ್ಕೆ ಏರುತ್ತಾ ಹೋಗುತ್ತದೆ. ತಣ್ಣಗಿನ ಫ್ಲಾಸ್ಕ್ ಆದರೆ ಹೊರಗೆ ಪಸೆ ಕಟ್ಟಿ ತೂಕ ಜಾಸ್ತಿ ಬರುತ್ತದೆ. ಕೊನೆಯ ಅಂಕಿ ನಿಲ್ಲದೆ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಉಷ್ಣತೆ ಹೊಂದಿಲ್ಲ ಅಂತಲೇ ತಿಳಿಯಿರಿ.

ಅದಕ್ಕೇ ನೀರು, ಫ್ಲಾಸ್ಕ್, ಬ್ಯುರೆಟ್ ಎಲ್ಲವನ್ನೂ ಹಿಂದಿನ ಸಂಜೆಯೇ ಬ್ಯಾಲೆನ್ಸ್ ಇರುವ ಕೋಣೆಯಲ್ಲಿ ಇಡಿ. ಎ.ಸಿ. ಹಾಕುವುದಾದರೆ ರಾತ್ರಿಯಿಡೀ ಹಾಕಿ, ಇಲ್ಲದಿದ್ದರೆ ಬೇಡ. ಕರೆಂಟು ಹೋಗಿ ಬಂದಿದ್ದರೆ ಬ್ಯಾಲೆನ್ಸ್ ಬೆಚ್ಚಗಾಗಲು ಸಮಯ ಕೊಟ್ಟು, 100 ಗ್ರಾಂ ತೂಕದ ಕಲ್ಲಿಟ್ಟು ನೋಡಿಕೊಂಡೇ ಮುಂದುವರಿಯಿರಿ. ತೂಗುವಾಗ ಫ್ಯಾನ್ ಆರಿಸಿ.

ನೀರು ಡಿಸ್ಟಿಲ್ಡ್ ಅಥವಾ ಡಿಅಯನೈಸ್ಡ್ ಆಗಿರಲೇಬೇಕು. ಬೋರ್‌ವೆಲ್ ನೀರಿನಲ್ಲಿ ಲೀಟರಿಗೆ ಒಂದು ಗ್ರಾಂ ಲವಣ ಇದ್ದರೆ 100 ಮಿ.ಲೀ. ತೂಕ 0.07 ಗ್ರಾಂನಷ್ಟು ಏರುತ್ತದೆ. ಅಲ್ಲಿಗೆ ರಿಯಾಯಿತಿಯ ಬಹುಪಾಲು ಮುಗಿಯಿತು.

ಫ್ಲಾಸ್ಕ್ ತೂಗುವುದು

ಫ್ಲಾಸ್ಕ್ ಒಳಗೆ ಪೂರ್ತಿ ಒಣಗಿರಬೇಕು. ಮುಚ್ಚಳ ಸಮೇತ ಖಾಲಿ ತೂಕ ತೆಗೆದುಕೊಳ್ಳಿ. ಉದ್ದ ಕಾಂಡದ ಆಲಿಕೆಯ ತುದಿ ಗೀಟಿಗಿಂತ ಕೆಳಗಿರುವಂತೆ ಇಟ್ಟು ನೀರು ಬಿಡಿ. ಗೀಟಿಗೆ ಸ್ವಲ್ಪ ಕೆಳಗೆ ನಿಲ್ಲಿಸಿ, ಉಳಿದದ್ದನ್ನು ಡ್ರಾಪರ್‌ನಿಂದ ಹನಿ ಹನಿಯಾಗಿ ಸೇರಿಸಿ. ಗೀಟು ಕಣ್ಣಿನ ಮಟ್ಟಕ್ಕಿರಲಿ. ಗೀಟಿನ ಕೆಳಗೆ ಕತ್ತಿಗೆ ಕಪ್ಪು ಕಾಗದದ ಪಟ್ಟಿ ಸುತ್ತಿದರೆ ನೀರಿನ ಬಾಗಿದ ಮೇಲ್ಮೈ, ಅಂದರೆ ಮೆನಿಸ್ಕಸ್, ಸ್ಪಷ್ಟವಾಗಿ ಕಾಣುತ್ತದೆ. ಅದರ ತಳ ಗೀಟಿನ ಮೇಲಂಚಿಗೆ ತಾಗಬೇಕು.

ಇಲ್ಲಿ ಅವಸರ ಮಾಡಬೇಡಿ. 100 ಮಿ.ಲೀ. ಫ್ಲಾಸ್ಕ್‌ನ ಕತ್ತಿನ ಒಳ ಅಗಲ ಸುಮಾರು 13 ಮಿ.ಮೀ. ಅಂದರೆ ನೀರು ಒಂದು ಮಿ.ಮೀ. ಮೇಲೆ ಕೆಳಗೆ ಆದರೂ 0.13 ಮಿ.ಲೀ. ವ್ಯತ್ಯಾಸ. ಒಳ್ಳೆಯ ಫ್ಲಾಸ್ಕ್ ಕೆಟ್ಟದ್ದಾಗಿ ಕಾಣಲು ಅಷ್ಟೇ ಸಾಕು. ಗೀಟಿನ ಮೇಲೆ ಕತ್ತಿಗೆ ಅಂಟಿದ ಹನಿಗಳನ್ನು ಸುರುಳಿ ಸುತ್ತಿದ ಫಿಲ್ಟರ್ ಪೇಪರ್‌ನಿಂದ ಒರೆಸಿ, ಆದರೆ ನೀರಿಗೆ ತಾಗಿಸಬೇಡಿ. ಮುಚ್ಚಳ ಹಾಕಿ, ಹೊರಮೈ ಒರೆಸಿ, ತೂಗಿ. ತೂಗಿದ ಮೇಲೆ ಫ್ಲಾಸ್ಕ್ ಒಳಗಿನ ನೀರಿಗೇ ಥರ್ಮಾಮೀಟರ್ ಇಳಿಸಿ ಉಷ್ಣತೆ ನೋಡಿ. ಗೋಡೆಯ ಮೇಲಿನ ಥರ್ಮಾಮೀಟರ್ ನಂಬಬೇಡಿ. ಈ ಸೆಕೆಯಲ್ಲಿ ಒಂದು ಡಿಗ್ರಿ ತಪ್ಪಿದರೆ 100 ಮಿ.ಲೀ.ಗೆ 0.03 ಮಿ.ಲೀ. ತಪ್ಪುತ್ತದೆ.

ಈಗ ಮೊದಲಿನ ಫ್ಲಾಸ್ಕ್‌ಗೆ ಬರೋಣ. ಖಾಲಿ ತೂಕ 62.342 ಗ್ರಾಂ, ತುಂಬಿದ ತೂಕ 161.670 ಗ್ರಾಂ. ನೀರು 99.328 ಗ್ರಾಂ. ಖಾಲಿ ಮಾಡಿ, ಒಣಗಿಸಿ ಮತ್ತೆರಡು ಸಲ ಮಾಡಿದಾಗ 99.335 ಮತ್ತು 99.322. ಸರಾಸರಿ 99.328. ನೀರಿನ ಉಷ್ಣತೆ 32.0 ಡಿಗ್ರಿ, Z 1.00585. ಗುಣಿಸಿದರೆ 99.91 ಮಿ.ಲೀ. ಕೊರತೆ 0.09, ರಿಯಾಯಿತಿ 0.10. ಅಂಚಿನಲ್ಲಿದೆ, ಆದರೂ ಪಾಸ್. ನಿಖರವಾದ ಕೆಲಸಕ್ಕೆ 100 ಅಂತ ಬರೆಯದೆ 99.91 ಅಂತಲೇ ಬಳಸಿ. ಮೂರು ತೂಕಗಳ ನಡುವೆ 0.03 ಗ್ರಾಂಗಿಂತ ಜಾಸ್ತಿ ಅಂತರ ಬಂದರೆ ಸರಾಸರಿ ತೆಗೆಯಬೇಡಿ. ಕತ್ತಿನ ಹನಿ, ಕಣ್ಣಿನ ಮಟ್ಟ ಎರಡನ್ನೂ ಮತ್ತೆ ನೋಡಿ.

ಬ್ಯುರೆಟ್‌ಗೆ ಐದು ಕಡೆ ಪರೀಕ್ಷೆ

ಫ್ಲಾಸ್ಕ್‌ಗೆ ಒಂದೇ ಗೀಟು. ಬ್ಯುರೆಟ್ ಉದ್ದಕ್ಕೂ ಗೀಟುಗಳೇ. ಕೊಳವೆಯ ಒಳ ಅಗಲ ಎಲ್ಲ ಕಡೆ ಒಂದೇ ಇರುವುದಿಲ್ಲ. ಹಾಗಾಗಿ 50 ಮಿ.ಲೀ. ಬ್ಯುರೆಟ್ ಅನ್ನು 10, 20, 30, 40, 50ರಲ್ಲಿ ನೋಡುವುದು ವಾಡಿಕೆ. ‘ಎ’ ಕ್ಲಾಸ್‌ಗೆ ರಿಯಾಯಿತಿ 0.05 ಮಿ.ಲೀ., ಅಂದರೆ ಹೆಚ್ಚು ಕಡಿಮೆ ಒಂದು ಹನಿ.

ಮೊದಲು ಜಿಡ್ಡು ತೆಗೆಯಿರಿ. ನೀರು ಇಳಿದ ಮೇಲೆ ಗಾಜಿನ ಒಳಗೆ ಹನಿ ನಿಂತರೆ ಜಿಡ್ಡು ಇದೆ ಅಂತ ಅರ್ಥ. ಆಮೇಲೆ ಸೊನ್ನೆಗೆ ತುಂಬಿ 20 ನಿಮಿಷ ಸುಮ್ನೆ ಬಿಡಿ. ಮಟ್ಟ ಇಳಿದರೆ ಅಥವಾ ತುದಿಯಲ್ಲಿ ಹನಿ ಕಟ್ಟಿದರೆ ನಲ್ಲಿ ಸೋರುತ್ತಿದೆ. ಅದನ್ನು ಸರಿಮಾಡದೆ ತೂಗುವುದು ದಂಡ. ನಲ್ಲಿಯ ಕೆಳಗೆ ಗಾಳಿ ಗುಳ್ಳೆ ಸಿಕ್ಕಿದ್ದರೆ ನಲ್ಲಿ ಪೂರ್ತಿ ತೆರೆದು ಜೋರಾಗಿ ನೀರು ಬಿಟ್ಟು ಹೊರಹಾಕಿ.

ಸೊನ್ನೆಗೆ ಹೊಂದಿಸಿ, ತುದಿಯ ಹನಿ ತೆಗೆಯಿರಿ. ಮುಚ್ಚಳವಿರುವ ಸಣ್ಣ ಕೋನಿಕಲ್ ಫ್ಲಾಸ್ಕ್ ತೂಗಿಟ್ಟುಕೊಳ್ಳಿ. ಅದರ ಗೋಡೆಗೆ ಬ್ಯುರೆಟ್ ತುದಿ ತಾಗಿಸಿ ನಲ್ಲಿ ತೆರೆಯಿರಿ. 10ರ ಗೀಟಿಗೆ ಕೆಲವು ಮಿ.ಮೀ. ಮೇಲೆ ನಿಲ್ಲಿಸಿ 30 ಸೆಕೆಂಡ್ ಕಾಯಿರಿ. ಗೋಡೆಗೆ ಅಂಟಿದ ನೀರು ಅಷ್ಟರಲ್ಲಿ ಇಳಿಯುತ್ತದೆ. ಆಮೇಲೆ ನಿಧಾನಕ್ಕೆ ಗೀಟಿಗೆ ತನ್ನಿ. ಕೂಡಲೇ ಮುಚ್ಚಳ ಹಾಕಿ ತೂಗಿ, ನಮ್ಮ ಒಣ ಹವೆಯಲ್ಲಿ ತೆರೆದಿಟ್ಟ ನೀರು ಬೇಗ ಆರುತ್ತದೆ. ಪ್ರತಿ ಸಲವೂ ಮತ್ತೆ ಸೊನ್ನೆಗೆ ತುಂಬಿ, 0ಯಿಂದ 20, 0ಯಿಂದ 30 ಅಂತ ಮಾಡಿ. ಹತ್ತತ್ತು ಮಿ.ಲೀ. ತೂಗಿ ಕೂಡಿಸುತ್ತಾ ಹೋದರೆ ಸಣ್ಣ ತಪ್ಪುಗಳೂ ಕೂಡುತ್ತಾ ಹೋಗುತ್ತವೆ.

ಒಂದು ಉದಾಹರಣೆ. ನೀರು 31.4 ಡಿಗ್ರಿ, Z 1.00567.

10ಕ್ಕೆ 9.932 ಗ್ರಾಂ, ಅಂದರೆ 9.99 ಮಿ.ಲೀ.
20ಕ್ಕೆ 19.871 ಗ್ರಾಂ, ಅಂದರೆ 19.98 ಮಿ.ಲೀ.
30ಕ್ಕೆ 29.801 ಗ್ರಾಂ, ಅಂದರೆ 29.97 ಮಿ.ಲೀ.
40ಕ್ಕೆ 39.758 ಗ್ರಾಂ, ಅಂದರೆ 39.98 ಮಿ.ಲೀ.
50ಕ್ಕೆ 49.716 ಗ್ರಾಂ, ಅಂದರೆ 50.00 ಮಿ.ಲೀ.

ಬರೀ 50ರಲ್ಲಿ ನೋಡಿದ್ದರೆ ಈ ಬ್ಯುರೆಟ್‌ನಲ್ಲಿ ಲೋಪವೇ ಇಲ್ಲ ಅನ್ನಿಸುತ್ತಿತ್ತು. ನಡುವಿನಲ್ಲಿ 0.03 ಕಡಿಮೆ ಬಿಡುತ್ತಿದೆ. ನಮ್ಮ ಟೈಟ್ರೇಷನ್ ಮುಗಿಯುವುದು ಹೆಚ್ಚಾಗಿ ಅಲ್ಲೇ. ರೀಡಿಂಗ್ 28.40 ಬಂದರೆ 28.37 ಅಂತ ಬರೆಯಬೇಕು. 62 ಶೇಕಡಾ ಕಬ್ಬಿಣದ ಅದಿರಿಗೆ ಇದು 0.06 ಶೇಕಡಾದಷ್ಟು ವ್ಯತ್ಯಾಸ. ಈ ಐದು ತಿದ್ದುಪಡಿಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ ಗೆರೆ ಎಳೆದು, ಬ್ಯುರೆಟ್ ನಂಬರ್ ಮತ್ತು ತಾರೀಖು ಬರೆದು ಸ್ಟ್ಯಾಂಡ್ ಹಿಂದಿನ ಗೋಡೆಗೆ ಅಂಟಿಸಿಬಿಡಿ. ಬ್ಯುರೆಟ್ ತುದಿ ಮುಕ್ಕಾದರೆ ಅಥವಾ ನಲ್ಲಿ ಬದಲಿಸಿದರೆ ಮತ್ತೆ ತೂಗಿ.

ಇದರಿಂದ ಸರಿಹೋಗದ ಒಂದು ತಪ್ಪು

ಗಾಜಿನ ಅಳತೆ ಸರಿಯಾದರೂ ಅದರೊಳಗಿನ ದ್ರಾವಣ ಹಿಗ್ಗುವುದು ನಿಲ್ಲುವುದಿಲ್ಲ. ಡೈಕ್ರೋಮೇಟ್ ದ್ರಾವಣವನ್ನು ಎ.ಸಿ. ರೂಮಿನಲ್ಲಿ 25 ಡಿಗ್ರಿಯಲ್ಲಿ ತಯಾರಿಸಿ, 35 ಡಿಗ್ರಿ ಇರುವ ಹಾಲ್‌ನಲ್ಲಿ ಟೈಟ್ರೇಷನ್ ಮಾಡಿದರೆ ದ್ರಾವಣ 0.3 ಶೇಕಡಾ ಹಿಗ್ಗಿರುತ್ತದೆ. ಅಷ್ಟೇ ತೆಳುವೂ ಆಗಿರುತ್ತದೆ. ರೀಡಿಂಗ್ ಅಷ್ಟು ಜಾಸ್ತಿ ಬರುತ್ತದೆ. 62 ಇದ್ದ ಕಬ್ಬಿಣ 62.19 ಅಂತ ಕಾಣುತ್ತದೆ, ಬ್ಯುರೆಟ್‌ನ ತಪ್ಪಿಗಿಂತ ಮೂರು ಪಟ್ಟು. ಇದಕ್ಕೆ ಉಪಾಯ ಸರಳ. ದ್ರಾವಣ ಮಾಡುವುದೂ ಟೈಟ್ರೇಷನ್ ಮಾಡುವುದೂ ಒಂದೇ ಕೋಣೆಯಲ್ಲಿ ಇರಲಿ. ಅದು ಆಗದಿದ್ದರೆ ಬಾಟಲಿಯ ಚೀಟಿಯಲ್ಲಿ ತಾರೀಖಿನ ಪಕ್ಕ ತಯಾರಿಸಿದ ಉಷ್ಣತೆಯನ್ನೂ ಬರೆಯಿರಿ. ಟೈಟ್ರೇಷನ್ ದಿನದ ಉಷ್ಣತೆಗೂ ಅದಕ್ಕೂ ಇರುವ ಅಂತರ ನೋಡಿ, ಈ ಸೆಕೆಯಲ್ಲಿ ಡಿಗ್ರಿಗೆ 0.03 ಶೇಕಡಾದಂತೆ ರೀಡಿಂಗ್ ತಿದ್ದಿಕೊಳ್ಳಿ.