ಗಾಜಿನ ಬಿಲ್ಲೆಯಲ್ಲಿ ತಪ್ಪಿದ 0.16 ಮಿಲಿಮೀಟರ್

ಪ್ರಾವಸ್ಥಾ ವೇಗ ಮತ್ತು ಸಮೂಹ ವೇಗ, ಅಂದರೆ ಫೇಸ್ ವೆಲಾಸಿಟಿ ಮತ್ತು ಗ್ರೂಪ್ ವೆಲಾಸಿಟಿ, ಇವುಗಳ ವ್ಯತ್ಯಾಸವನ್ನು ನಾನು ಪರೀಕ್ಷೆಯಲ್ಲಿ ಹಲವು ಸಲ ಬರೆದಿದ್ದೆ. ಅದು ನಿಜವಾಗಿ ಅರ್ಥವಾದದ್ದು ಮಾತ್ರ ಪ್ರಯೋಗಾಲಯದಲ್ಲಿ ಒಂದು ಮಧ್ಯಾಹ್ನವಿಡೀ ವ್ಯತಿಕರಣ ಪಟ್ಟಿಗಳನ್ನು ತಪ್ಪು ಜಾಗದಲ್ಲಿ ಹುಡುಕಿದ ಮೇಲೆ.

ಟೈಟೇನಿಯಂ-ಸಫೈರ್ ಲೇಸರಿನಿಂದ ಬರುತ್ತಿದ್ದ ಸ್ಪಂದಗಳ ಮಧ್ಯದ ತರಂಗದೂರ 800 ನ್ಯಾನೋಮೀಟರ್, ಅವಧಿ ಸುಮಾರು 50 ಫೆಮ್ಟೊಸೆಕೆಂಡ್. ಬೆಳಕನ್ನು ಎರಡು ತೋಳುಗಳಿಗೆ ಹಂಚಿ, ಕನ್ನಡಿಗಳಿಂದ ಮರಳಿಸಿ ಮತ್ತೆ ಕೂಡಿಸುವ ಮೈಕೆಲ್ಸನ್ ಇಂಟರ್‌ಫೆರೋಮೀಟರಿನ ಎರಡೂ ತೋಳುಗಳನ್ನು ಸಮ ಮಾಡಿಕೊಂಡಾಗ, ಕನ್ನಡಿಯ ಚಲನೆಯಲ್ಲಿ ಸುಮಾರು 15 ಮೈಕ್ರೋಮೀಟರಿನಷ್ಟು ಅಗಲದಲ್ಲಿ ಮಾತ್ರ ಪಟ್ಟಿಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಅದರಿಂದ ಸ್ವಲ್ಪ ದೂರ ಸರಿದರೆ ಡಿಟೆಕ್ಟರಿನ ಗೆರೆ ಸಪಾಟು. ಆ ಸ್ಥಾನವನ್ನು ಸೊನ್ನೆಯೆಂದು ಗುರುತಿಸಿಕೊಂಡು, ಸ್ಥಿರ ಕನ್ನಡಿಯ ತೋಳಿನಲ್ಲಿ 10 ಮಿಲಿಮೀಟರ್ ದಪ್ಪದ ಬಿಕೆ7 ಗಾಜಿನ ಬಿಲ್ಲೆಯನ್ನು ಇರಿಸಿದೆ. ಬೆಳಕು ಬಿಲ್ಲೆಯನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ದಾಟುತ್ತದೆ. ಇನ್ನೊಂದು ತೋಳಿನ ಕನ್ನಡಿಯನ್ನು ಹಿಂದೆ ಸರಿಸಿದಾಗಲೂ ದಾರಿ ಎರಡು ಪಟ್ಟು ಹೆಚ್ಚುತ್ತದೆ. ಆದ್ದರಿಂದ ದಪ್ಪ L, ವಕ್ರೀಭವನ ಸೂಚ್ಯಂಕ n ಇರುವ ಬಿಲ್ಲೆಗೆ ಕನ್ನಡಿ (n − 1)L ನಷ್ಟು ಸರಿದರೆ ಸಾಕು. 800 ನ್ಯಾನೋಮೀಟರಿನಲ್ಲಿ ಈ ಗಾಜಿನ ವಕ್ರೀಭವನ ಸೂಚ್ಯಂಕ 1.5108, ಹಾಗಾಗಿ 5.108 ಮಿಲಿಮೀಟರಿನಲ್ಲಿ ಪಟ್ಟಿಗಳು ಸಿಗಬೇಕೆಂದು ಲೆಕ್ಕ ಹಾಕಿದೆ.

ಅಲ್ಲಿ ಏನೂ ಇರಲಿಲ್ಲ. ಆಚೀಚೆ 50 ಮೈಕ್ರೋಮೀಟರ್ ಜಾಲಾಡಿದರೂ ಗೆರೆ ಸಪಾಟಾಗಿಯೇ ಉಳಿಯಿತು. ಜೋಡಣೆ ಕೆಟ್ಟಿರಬೇಕೆಂದು ಬಿಲ್ಲೆಯನ್ನು ತೆಗೆದು ನೋಡಿದರೆ ಸೊನ್ನೆಯ ಪಟ್ಟಿಗಳು ಹಾಗೇ ಇದ್ದವು. ಕೊನೆಗೆ ತಾಳ್ಮೆಗೆಟ್ಟು ಕನ್ನಡಿಯನ್ನು ನಿಧಾನವಾಗಿ ಹಿಂದಕ್ಕೆ ಓಡಿಸುತ್ತಾ ಹೋದಾಗ 5.267 ಮಿಲಿಮೀಟರಿನ ಬಳಿ ಪಟ್ಟಿಗಳು ಎದ್ದುಬಂದವು. ಮೊದಲು ಅನುಮಾನ ಬಂದದ್ದು ದಪ್ಪದ ಮೇಲೆ. ಆದರೆ 0.159 ಮಿಲಿಮೀಟರಿನ ಈ ವ್ಯತ್ಯಾಸಕ್ಕೆ ದಪ್ಪವೇ ಕಾರಣವಾಗಿದ್ದರೆ ಬಿಲ್ಲೆ ಸುಮಾರು 0.3 ಮಿಲಿಮೀಟರ್ ಹೆಚ್ಚು ದಪ್ಪವಿರಬೇಕಿತ್ತು, ಸ್ಕ್ರೂಗೇಜ್ 10.00 ಎಂದೇ ತೋರಿಸಿತು. ತಪ್ಪಿದ್ದದ್ದು ನಾನು ಬಳಸಿದ ಸೂಚ್ಯಂಕ.

n ಎಂಬುದು ಒಂದೇ ತರಂಗದೂರದ ಶೃಂಗ ಎಷ್ಟು ವೇಗವಾಗಿ ಸಾಗುತ್ತದೆ ಎಂಬುದನ್ನು, ಅಂದರೆ ಪ್ರಾವಸ್ಥಾ ವೇಗವನ್ನು, ಹೇಳುತ್ತದೆ. ಬೆಳಕು ಅತಿ ಪ್ರಬಲವಾಗಿರುವ ಸ್ಪಂದದ ತುದಿಯಾದರೋ ಅದರೊಳಗಿನ ಎಲ್ಲ ತರಂಗದೂರಗಳ ಶೃಂಗಗಳು ಒಟ್ಟಿಗೆ ಕೂಡುವ ಜಾಗ. 795 ಮತ್ತು 805 ನ್ಯಾನೋಮೀಟರಿನ ಎರಡು ಅಲೆಗಳನ್ನಷ್ಟೇ ತೆಗೆದುಕೊಳ್ಳೋಣ. ಗಾಜಿನೊಳಗೆ ಅವುಗಳ ಉದ್ದ ಸುಮಾರು 526.2 ಮತ್ತು 532.9 ನ್ಯಾನೋಮೀಟರ್. ಎರಡರ ಶೃಂಗಗಳು ಒಂದು ಕಡೆ ಕೂಡಿರುವಾಗ, ಅದರ ಹಿಂದಿನ ಜೋಡಿಯಲ್ಲಿ 805ರ ಶೃಂಗ 6.7 ನ್ಯಾನೋಮೀಟರ್ ಹಿಂದೆ ಬಿದ್ದಿರುತ್ತದೆ. ಆದರೆ ಗಾಜಿನಲ್ಲಿ ಉದ್ದದ ಅಲೆಗೆ ಸೂಚ್ಯಂಕ ಕಡಿಮೆ, ವೇಗ ಹೆಚ್ಚು. ಈ ಎರಡರ ವೇಗದ ಅಂತರ ಹತ್ತು ಸಾವಿರಕ್ಕೆ ಸುಮಾರು 1.3ರಷ್ಟು. ಹಾಗಾಗಿ ಸುಮಾರು 50 ಮೈಕ್ರೋಮೀಟರ್ ಸಾಗುವಷ್ಟರಲ್ಲಿ ಹಿಂದಿನ ಜೋಡಿ ಕೂಡುತ್ತದೆ, ಮುಂದಿನದು ಬೇರ್ಪಡುತ್ತದೆ, ಕೂಡುವ ಜಾಗ ಒಂದು ಅಲೆಯಷ್ಟು ಹಿಂದೆ ಸರಿಯುತ್ತದೆ. ಎರಡು ಅಲೆಗಳೂ ಮುಂದಕ್ಕೇ ಓಡುತ್ತಿದ್ದರೂ ಅವುಗಳ ಭೇಟಿಯ ಜಾಗ ಹಿಂದೆ ಉಳಿಯುತ್ತಾ ಹೋಗುವುದೇ ಇಲ್ಲಿನ ಸ್ವಾರಸ್ಯ.

ಇದನ್ನೇ ಸೂತ್ರವಾಗಿ ಬರೆದರೆ, ಸ್ಪಂದದ ತುದಿಯ ವೇಗವಾದ ಸಮೂಹ ವೇಗಕ್ಕೆ ಹೊಂದುವ ಸೂಚ್ಯಂಕ n_g = n − λ(dn/dλ). 800 ನ್ಯಾನೋಮೀಟರಿನಲ್ಲಿ ಬಿಕೆ7 ಗಾಜಿನ dn/dλ, ಅಂದರೆ ತರಂಗದೂರ λ ಹೆಚ್ಚಿದಂತೆ n ಬದಲಾಗುವ ದರ, ಮೈಕ್ರೋಮೀಟರಿಗೆ −0.0198. ಇದನ್ನು 0.8ರಿಂದ ಗುಣಿಸಿ ಕಳೆದರೆ n_g 1.5267 ಆಗುತ್ತದೆ, ಕನ್ನಡಿಯ ಚಲನೆ 5.267 ಮಿಲಿಮೀಟರಿಗೆ ಬಂದು ನಿಲ್ಲುತ್ತದೆ. ಅಂದರೆ ಶೃಂಗಗಳು ಸೆಕೆಂಡಿಗೆ ಸುಮಾರು 1,98,400 ಕಿಲೋಮೀಟರ್ ಸಾಗಿದರೆ ಸ್ಪಂದದ ತುದಿ ಸಾಗುವುದು ಸುಮಾರು 1,96,400 ಕಿಲೋಮೀಟರ್. ಎರಡು ಬಾರಿ ದಾಟುವ 20 ಮಿಲಿಮೀಟರ್ ಗಾಜಿನಲ್ಲಿ ಹತ್ತಿರ ಹತ್ತಿರ 400 ಶೃಂಗಗಳು ಸ್ಪಂದದ ಬಾಲದಲ್ಲಿ ಹುಟ್ಟಿ, ತುದಿಯನ್ನು ದಾಟಿ, ಮುಂಭಾಗದಲ್ಲಿ ಕರಗಿಹೋಗಿರುತ್ತವೆ.

ಈ ಪಟ್ಟಿಗಳ ಅಗಲವನ್ನೇ ಸ್ಪಂದದ ಅವಧಿಯೆಂದು ತಿಳಿಯಬಾರದು. ಅಷ್ಟು ಗಾಜು ದಾಟಿದ ನನ್ನ ಸ್ಪಂದ 50ರಿಂದ ಸುಮಾರು 70 ಫೆಮ್ಟೊಸೆಕೆಂಡಿಗೆ ಹಿಗ್ಗಿರಬೇಕು. ಪಟ್ಟಿಗಳಿರುವ ಭಾಗವಾದರೋ ಹಿಗ್ಗುವುದು ನೂರಕ್ಕೆ ಹನ್ನೆರಡರಷ್ಟು ಮಾತ್ರ. ಅವು ತೋರಿಸುವುದು ವರ್ಣಪಟಲದ ಅಗಲವನ್ನೂ ಎರಡು ತೋಳುಗಳ ವ್ಯತ್ಯಾಸವನ್ನೂ. ಅದೇ ಅಗಲದ ವರ್ಣಪಟಲವಿರುವ ಸಾಧಾರಣ ದೀಪವನ್ನಿಟ್ಟಿದ್ದರೂ ಪಟ್ಟಿಗಳು ಅದೇ 5.267ರಲ್ಲಿ ಸಿಗುತ್ತಿದ್ದವು.

ಹಾಗಾದರೆ ಮೊದಲ ಲೆಕ್ಕದ 1.5108 ಎಲ್ಲಿ ಕಾಣಬೇಕು? ಲೇಸರನ್ನು ಸ್ಪಂದಗಳಿಲ್ಲದ, ಹೆಚ್ಚುಕಡಿಮೆ ಒಂದೇ ತರಂಗದೂರದ ನಿರಂತರ ಬೆಳಕಿಗೆ ತಂದು, ಬಿಲ್ಲೆಯನ್ನು ನೇರ ಸ್ಥಾನದಿಂದ 10 ಡಿಗ್ರಿ ತಿರುಗಿಸುತ್ತಾ ದಾಟಿದ ಪಟ್ಟಿಗಳನ್ನು ಎಣಿಸಿದೆ. n ಪ್ರಕಾರ 129ರಿಂದ 130 ಬರಬೇಕು, n_g ಪ್ರಕಾರ 132. ಇಷ್ಟು ಸಣ್ಣ ಅಂತರವಿರುವಾಗ ಕೋನ 0.1 ಡಿಗ್ರಿ ತಪ್ಪಿದರೂ ಎರಡರಲ್ಲಿ ಯಾವುದೆಂದು ಹೇಳಲಾಗುವುದಿಲ್ಲ. ನನ್ನ ಮೊದಲ ಎಣಿಕೆ ಹೀಗೆಯೇ ವ್ಯರ್ಥವಾಯಿತು. ನೇರ ಸ್ಥಾನವನ್ನು ಬಿಲ್ಲೆಯಿಂದ ಹಿಂದಿರುಗುವ ಪ್ರತಿಫಲನ ನೋಡಿ ಸರಿಪಡಿಸಿ, ಎಡಕ್ಕೂ ಬಲಕ್ಕೂ ತಿರುಗಿಸಿ ಸರಾಸರಿ ತೆಗೆದ ಮೇಲೆ ಎಣಿಕೆ 130ರ ಒಳಗೆ ನಿಂತಿತು.