ಹೊಸ ನಿರ್ದೇಶಕರು, ಬ್ಯಾಂಕ್ ಸಾಲ: ಒಂದೇ ಸಭೆಯಲ್ಲಿದ್ದರೆ

ಪ್ರೈವೇಟ್ ಲಿಮಿಟೆಡ್ ಕಂಪನಿಯ ಒಂದೇ ಬೋರ್ಡ್ ಸಭೆಯಲ್ಲಿ ಹೆಚ್ಚುವರಿ ನಿರ್ದೇಶಕರ ನೇಮಕವೂ ಬ್ಯಾಂಕ್ ಸಾಲವೂ ಇದ್ದರೆ ಎರಡಕ್ಕೂ ಬೇರೆ ಬೇರೆ ನಿರ್ಣಯ ಬರೆಯಿರಿ. ಸಾಲದ ನಿರ್ಣಯದಲ್ಲಿ ಹೊಸಬರ ಜೊತೆ ಹಳೆಯ ನಿರ್ದೇಶಕರೊಬ್ಬರ ಹೆಸರನ್ನೂ ಹಾಕಿ, ‘ಇಬ್ಬರಲ್ಲಿ ಯಾರಾದರೂ ಸಹಿ ಮಾಡಬಹುದು’ ಎಂದು ಸೇರಿಸಿ. ಯಾಕೆಂದರೆ ನೇಮಕವನ್ನು ತಿಳಿಸುವ DIR-12 ಫಾರ್ಮ್ ಸಲ್ಲಿಕೆಯಾಗಿ ದಾಖಲಾಗುವವರೆಗೆ ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯದ ಎಂಸಿಎ ಪೋರ್ಟಲ್‌ನಲ್ಲಿ ಹೊಸಬರ ಹೆಸರೇ ಇರುವುದಿಲ್ಲ. ಬ್ಯಾಂಕ್ ನೋಡುವುದೂ ಅದನ್ನೇ, ಅಲ್ವಾ? ಆಸ್ತಿ ಅಡಮಾನವಾದರೆ ಅದನ್ನು ನೋಂದಾಯಿಸುವ CHG-1 ಫಾರ್ಮ್ ಸಲ್ಲಿಸಬೇಕು. ಅದರ 30 ದಿನ ಅಡಮಾನ ಪತ್ರದ ದಿನದಿಂದಲೇ ಓಡುತ್ತದೆ, ಹೊಸಬರ ಡಿಜಿಟಲ್ ಸಹಿಗೆ ಕಾಯುವುದಿಲ್ಲ. DIR-12ಕ್ಕೂ ನೇಮಕದಿಂದ 30 ದಿನ ಇದೆ, ಆದರೆ ಸುಮ್ನೆ ಕೊನೆವರೆಗೆ ಎಳೆಯಬೇಡಿ. ನಿರ್ದೇಶಕರಾಗಲು ಹೊಸಬರು ಕೊಡುವ DIR-2 ಒಪ್ಪಿಗೆ ಪತ್ರ ಸಭೆಗೆ ಮೊದಲೇ ಕೈಯಲ್ಲಿರಲಿ. ಕಂಪನಿಯ ಒಳ ನಿಯಮಾವಳಿಯಾದ ಆರ್ಟಿಕಲ್ಸ್ ಬೋರ್ಡಿಗೆ ನೇಮಕದ ಅಧಿಕಾರ ಕೊಟ್ಟಿಲ್ಲದಿದ್ದರೆ ಈ ದಾರಿ ನಡೆಯುವುದಿಲ್ಲ. ಸಾಲದ ನಿರ್ಣಯವನ್ನು ಸಭೆ ಸೇರದೆ ಕಾಗದ ಸುತ್ತಿಸಿ ಪಾಸು ಮಾಡಲೂ ಆಗದು.