ಫಾರಂನಲ್ಲಿ ಬದಲಾದ ಒಂದು ಸಾಲು

ಸಂಬಳದ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮಲ್ಲಿ ಸಂಬಳದಿಂದಲೇ ಕಡಿತವಾಗುವ ಉಳಿತಾಯ ಯೋಜನೆ ಇತ್ತು. ಫಾರಂನಲ್ಲಿ "ಸೇರಲು ಇಷ್ಟವಿದ್ದರೆ ಗುರುತು ಹಾಕಿ" ಎಂದಿತ್ತು. ಕೇಳಿದಾಗಲೆಲ್ಲ ಸಿಬ್ಬಂದಿ "ಸೇರ್ಬೇಕು ಮೇಡಂ, ನಾಳೆ ಕೊಡ್ತೀನಿ" ಅನ್ನುತ್ತಿದ್ದರು. ಒಬ್ಬರ ಡ್ರಾಯರ್‌ನಲ್ಲಿ ಸಹಿ ಹಾಕಿದ ಫಾರಂ ಎರಡು ವರ್ಷ ಹಾಗೇ ಬಿದ್ದಿತ್ತು. ಅವರಿಗೆ ಉಳಿಸುವ ಮನಸ್ಸಿತ್ತು, ತಂದು ಕೊಡುವುದೊಂದು ಆಗಿರಲಿಲ್ಲ.

ನಾನು ಒಂದು ಸಾಲು ಬದಲಿಸಿದೆ. "ಸೇರಲು ಇಷ್ಟವಿಲ್ಲದಿದ್ದರೆ ಗುರುತು ಹಾಕಿ." ಹೊಸದಾಗಿ ಕೆಲಸಕ್ಕೆ ಬಂದವರು ಸುಮ್ನೆ ಇದ್ದರೆ ಸಂಬಳದ 3% ಕಡಿತ. ಬೇಡ ಅನ್ನುವವರಿಗೆ ಯಾವ ತಡೆಯೂ ಇಲ್ಲ. ಹೆಚ್ಚಿನವರು ಗುರುತು ಹಾಕಲೇ ಇಲ್ಲ, ಸೇರಿದರು.

ನನಗೆ ಖುಷಿಯಾಗಿತ್ತು. ಆದರೆ ವರ್ಷದ ಪಟ್ಟಿ ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಹಳೆ ಫಾರಂನಲ್ಲಿ ತಾವಾಗಿಯೇ ಸೇರಿದವರು 6, 8 ಎಂದು ಬರೆಯುತ್ತಿದ್ದರು. ಈಗ ಎಲ್ಲರೂ 3ಕ್ಕೇ ನಿಂತಿದ್ದರು. ಒಬ್ಬರನ್ನು ಕೇಳಿದೆ. "ನೀವೇ 3 ಅಂತ ಹಾಕಿದ್ರಲ್ಲ, ಅಷ್ಟು ಸಾಕು ಅನ್ಕೊಂಡೆ" ಎಂದರು. ನಾವು ಸುಮ್ಮನೆ ತುಂಬಿದ ಅಂಕಿಯನ್ನು ಅವರು ಸಲಹೆ ಎಂದು ಓದಿದ್ದರು. ಅಮೆರಿಕದ ಒಂದು ಕಂಪನಿಯಲ್ಲಿ ಇದೇ ಆದದ್ದನ್ನು ಸಂಶೋಧಕರಾದ ಬ್ರಿಜಿಟ್ ಮಡ್ರಿಯನ್ ಮತ್ತು ಡೆನಿಸ್ ಶಿಯಾ 2001ರಲ್ಲೇ ತೋರಿಸಿದ್ದಾರೆ. ಅಲ್ಲೂ ಸೇರುವವರು ಜಾಸ್ತಿಯಾದರು, ಬಹಳ ಜನ 3%ಗೇ ಅಂಟಿಕೊಂಡರು.

ಹಾಗಾಗಿ ಆರಂಭದ ಕಡಿತವನ್ನು 6%ಗೆ ಏರಿಸಿದೆ. ಜೊತೆಗೆ, ಪ್ರತಿ ಸಲ ಸಂಬಳ ಏರಿದ ತಿಂಗಳಲ್ಲಿ ಕಡಿತವೂ ಸಂಬಳದ 1%ರಷ್ಟು ಏರುತ್ತಾ 10%ಗೆ ನಿಲ್ಲಬೇಕು ಎಂದು ಸೇರಿಸಿದೆ. ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಥೇಲರ್ ಮತ್ತು ಶ್ಲೊಮೊ ಬೆನಾರ್ಟ್ಜಿ ಇಂಥ ಏರಿಕೆಯನ್ನು ಮೊದಲು ಮಾಡಿ ನೋಡಿದ ಕಡೆ, ಸೇರಿದವರ ಉಳಿತಾಯ 40 ತಿಂಗಳಲ್ಲಿ 3.5%ರಿಂದ 13.6%ಗೆ ಹೋಗಿತ್ತು. ಕೈಗೆ ಬರುವ ಹಣ ಕಡಿಮೆಯಾದರೆ ನೋವಾಗುತ್ತದೆ. ಏರಿದ ಹಣದಲ್ಲೇ ಪಾಲು ತೆಗೆದರೆ ಆ ನೋವಿರುವುದಿಲ್ಲ. ಸಂಬಳ 100 ಇದ್ದಾಗ 6 ಹೋಗಿ 94 ಬರುತ್ತದೆ. ಸಂಬಳ 105 ಆಗಿ ಕಡಿತ 7% ಆದರೂ ಕೈಗೆ 97.65 ಬರುತ್ತದೆ. ಆದರೆ ಸಂಬಳ ಬರೀ 101 ಆದರೆ? ಕೈಗೆ 93.93, ಮೊದಲಿಗಿಂತ ಕಮ್ಮಿ. ಅದಕ್ಕೇ ಸಂಬಳ 2%ಗಿಂತ ಕಡಿಮೆ ಏರಿದ ವರ್ಷ ಕಡಿತ ಏರಿಸಬಾರದು ಎಂದು ನಿಯಮ ಮಾಡಿದೆ.

ಒಂದು ತಪ್ಪು ತಡವಾಗಿ ಗೊತ್ತಾಯಿತು. ಒಬ್ಬರು ದುಬಾರಿ ಬಡ್ಡಿಯ ಸಾಲ ತೀರಿಸುತ್ತಿದ್ದರು. ನಮ್ಮ ಕಡಿತದಿಂದ ಕಂತಿಗೆ ಹಣ ಸಾಲದೆ ಇನ್ನೊಂದು ಸಾಲ ಮಾಡಿದ್ದರು. ನನ್ನ ಪಟ್ಟಿಯಲ್ಲಿ ಅವರು 'ಉಳಿಸುವವರು', ಅಲ್ವಾ? ಈಗ ಮೊದಲ ಕಡಿತಕ್ಕೆ ತಿಂಗಳು ಮುಂಚೆ ಪತ್ರ ಕೊಡುತ್ತೇನೆ. "ಬೇಡ" ಎಂದು ಒಂದು ಸಾಲು ಬರೆದುಕೊಟ್ಟರೆ ಅದೇ ತಿಂಗಳು ಕಡಿತ ನಿಲ್ಲುತ್ತದೆ. ಎಷ್ಟು ಜನ ಸೇರಿದರು ಎನ್ನುವುದರ ಪಕ್ಕದಲ್ಲೇ, ಎಷ್ಟು ಜನ ಅವಧಿಗೆ ಮೊದಲೇ ಹಣ ತೆಗೆದರು, ಎಷ್ಟು ಜನ ಸಂಬಳದ ಮುಂಗಡ ಕೇಳಿದರು ಎಂದೂ ಬರೆದಿಡುತ್ತೇನೆ.